ಹೆಸರೆಲ್ಲ ಬಾಯಿಗೆ ಬಂದರೂ ಕೋಶ ವಿಭಜನೆಯಲ್ಲಿ ಮಾರ್ಕ್ಸ್ ಯಾಕೆ ಹೋಗುತ್ತದೆ?

"ಮೇಡಂ, ಮಗಳು 11ನೇ ಕ್ಲಾಸು. ಕೋಶ ವಿಭಜನೆ ಪಾಠ ಎಷ್ಟು ಹೊತ್ತು ಕೂತು ಓದುತ್ತಾಳೆ ಅಂದ್ರೆ ನಮಗೇ ಪಾಪ ಅನ್ನಿಸುತ್ತೆ. ಪ್ರೊಫೇಸ್, ಮೆಟಾಫೇಸ್ ಅಂತ ಎಲ್ಲ ಹೆಸರೂ ತಪ್ಪಿಲ್ಲದೆ ಒಪ್ಪಿಸುತ್ತಾಳೆ. ಆದ್ರೂ ಟೆಸ್ಟ್‌ನಲ್ಲಿ ಅದೇ ಪಾಠಕ್ಕೆ ಮಾರ್ಕ್ಸ್ ಇಲ್ಲ. ನಾವಿಬ್ಬರೂ ಕಾಮರ್ಸ್ ಓದಿದವರು, ಹೇಳಿಕೊಡೋಕೆ ಬರಲ್ಲ. ಟ್ಯೂಷನ್‌ಗೆ ಹಾಕಬೇಕಾ? ಮನೆಯಲ್ಲಿ ನಾವೇ ಏನಾದ್ರೂ ಮಾಡಬಹುದಾ?"

ನಮಸ್ಕಾರ.

ಟ್ಯೂಷನ್ ಸದ್ಯಕ್ಕೆ ಬೇಡ. ನಿಮ್ಮ ಪತ್ರ ಬಂದ ಮೇಲೆ ಅವಳ ಉತ್ತರ ಪತ್ರಿಕೆಯನ್ನು ಇನ್ನೊಮ್ಮೆ ತೆಗೆದು ನೋಡಿದೆ. ಮಾರ್ಕ್ಸ್ ಹೋಗಿರುವುದು ಎರಡೇ ಕಡೆ, ಮತ್ತು ಆ ಎರಡೂ ತಪ್ಪಿಗೆ ಬೇರು ಒಂದೇ. ಆ ಬೇರನ್ನು ಸರಿಮಾಡಲು ನಿಮಗೆ ಬಯಾಲಜಿ ಗೊತ್ತಿರಬೇಕಾಗಿಲ್ಲ. ಎರಡು ಬಣ್ಣದ ಉಲ್ಲನ್ ದಾರ, ನಾಲ್ಕು ಜೊತೆ ಟಿಚ್ ಬಟನ್ ಮತ್ತು ಕೆಲವು ಸಂಜೆಗಳು ಸಾಕು.

ಮೊದಲು ತಪ್ಪು ಎಲ್ಲಿದೆ ಅಂತ ಹೇಳುತ್ತೇನೆ, ಯಾಕೆಂದರೆ ಅದು ತಿಳಿಯದೆ ದಾರ ಹಿಡಿದು ಕೂತರೆ ಸುಮ್ನೆ ಆಟ ಆಗುತ್ತದೆ.

ಪಠ್ಯಪುಸ್ತಕದಲ್ಲೇ ಇರುವ ಒಂದು ಪ್ರಶ್ನೆಯನ್ನು ನಾನು ಟೆಸ್ಟ್‌ನಲ್ಲಿ ಕೇಳಿದ್ದೆ. ಈರುಳ್ಳಿ ಬೇರಿನ ತುದಿಯ ಕೋಶದಲ್ಲಿ 16 ಕ್ರೋಮೋಸೋಮ್ ಇರುತ್ತವೆ. ಜಿ1 ಹಂತದಲ್ಲಿ ಎಷ್ಟಿರುತ್ತವೆ, ಎಸ್ ಹಂತ ಮುಗಿದ ಮೇಲೆ ಎಷ್ಟು, ಎಂ ಹಂತ ಮುಗಿದ ಮೇಲೆ ಎಷ್ಟು? ನಿಮ್ಮ ಮಗಳು 16, 32, 16 ಅಂತ ಬರೆದಿದ್ದಾಳೆ. ಸರಿ ಉತ್ತರ 16, 16, 16.

ಇದು ಓದದೆ ಬರೆದ ಉತ್ತರ ಅಲ್ಲ, ಯೋಚನೆ ಮಾಡಿ ಬರೆದದ್ದು. ಕೋಶ ಎರಡಾಗುವ ಮೊದಲು ತನ್ನ ಡಿಎನ್‌ಎಯನ್ನೆಲ್ಲ ಒಂದು ಸಲ ನಕಲು ಮಾಡಿಕೊಳ್ಳುತ್ತದೆ, ಅದೇ ಎಸ್ ಹಂತ. ಅದಕ್ಕೆ ಮುಂಚಿನದು ಜಿ1, ಕೋಶ ಎರಡಾಗುವುದು ಎಂ ಹಂತ. ನಕಲು ಆಯಿತು ಅಂದಮೇಲೆ ಎಲ್ಲವೂ ಎರಡರಷ್ಟು, ಹಾಗಾಗಿ 32, ಅಂತ ಅವಳ ಲೆಕ್ಕ. ಆದರೆ ಆ ನಕಲು ಮೂಲದಿಂದ ಬಿಟ್ಟು ಹೋಗುವುದಿಲ್ಲ. ಒಂದು ಕಾಗದವನ್ನು ಜೆರಾಕ್ಸ್ ಮಾಡಿಸಿ ಮೂಲವನ್ನೂ ನಕಲನ್ನೂ ಒಂದೇ ಪಿನ್ ಹಾಕಿ ಇಟ್ಟ ಹಾಗೆ, ಎರಡು ಎಳೆಗಳೂ ಸೆಂಟ್ರೋಮಿಯರ್ ಅನ್ನುವ ಜಾಗದಲ್ಲಿ ಅಂಟಿಕೊಂಡೇ ಇರುತ್ತವೆ. ಕ್ರೋಮೋಸೋಮ್ ಎಣಿಸುವಾಗ ನಾವು ಎಳೆಗಳನ್ನು ಎಣಿಸುವುದಿಲ್ಲ, ಸೆಂಟ್ರೋಮಿಯರ್ ಎಣಿಸುತ್ತೇವೆ. ಅಂಟಿಕೊಂಡಿರುವ ತನಕ ಅದು ಒಂದೇ ಕ್ರೋಮೋಸೋಮ್. ಎಳೆಗಳಿಗೆ ಕ್ರೊಮ್ಯಾಟಿಡ್ ಅಂತ ಹೆಸರು. ಹಾಗಾಗಿ ಎಸ್ ಹಂತದ ನಂತರ ಈರುಳ್ಳಿಯ ಕೋಶದಲ್ಲಿ 16 ಕ್ರೋಮೋಸೋಮ್, 32 ಕ್ರೊಮ್ಯಾಟಿಡ್. ಡಿಎನ್‌ಎ ಪ್ರಮಾಣ ಮಾತ್ರ ನಿಜವಾಗಿ ಎರಡರಷ್ಟಾಗಿದೆ, ಪುಸ್ತಕದ ಭಾಷೆಯಲ್ಲಿ 2C ಇದ್ದದ್ದು 4C ಆಗಿದೆ.

ಎರಡನೇ ತಪ್ಪು ಚಿತ್ರದಲ್ಲಿದೆ. ವೀರ್ಯಾಣು, ಅಂಡಾಣು ಆಗುವಾಗ ಎರಡು ಸುತ್ತಿನಲ್ಲಿ ನಡೆಯುವ ವಿಭಜನೆಗೆ ಮಿಯಾಸಿಸ್ ಅನ್ನುತ್ತಾರೆ, ಕ್ರೋಮೋಸೋಮ್‌ಗಳು ಎರಡು ಕಡೆಗೆ ಸರಿಯುವ ಹಂತ ಅನಾಫೇಸ್. ಮಿಯಾಸಿಸ್‌ನ ಮೊದಲ ಅನಾಫೇಸ್ ಬರೆಯಿರಿ ಅಂದಾಗ ಅವಳು ಎಕ್ಸ್ ಆಕಾರದ ಪ್ರತಿ ಕ್ರೋಮೋಸೋಮನ್ನೂ ಸೀಳಿ, ಒಂಟಿ ಎಳೆಗಳನ್ನು ಎರಡು ಕಡೆಗೆ ಕಳಿಸಿದ್ದಾಳೆ. ಲೇಬಲ್ ಎಲ್ಲ ಸರಿ, ಸ್ಪಿಂಡಲ್ ಎಳೆಗಳೂ ಚೆನ್ನಾಗಿವೆ, ಆದರೆ ಅದು ಮೈಟಾಸಿಸ್ ಚಿತ್ರ, ಅಂದರೆ ಒಂದು ಕೋಶ ತನ್ನಂಥದೇ ಎರಡಾಗುವ ಮಾಮೂಲಿ ವಿಭಜನೆಯದು. ಮಿಯಾಸಿಸ್‌ನ ಮೊದಲ ಸುತ್ತಿನಲ್ಲಿ ಎಕ್ಸ್ ಸೀಳುವುದೇ ಇಲ್ಲ. ಇಡೀ ಎಕ್ಸ್ ಒಂದು ಕಡೆ ಹೋಗುತ್ತದೆ, ಅದರ ಜೋಡಿಯ ಇಡೀ ಎಕ್ಸ್ ಇನ್ನೊಂದು ಕಡೆ.

ಹೀಗೆ ಬರೆಯುವ ಮಕ್ಕಳ ಮನಸ್ಸಿನಲ್ಲಿ ಸಾಮಾನ್ಯವಾಗಿ ಒಂದು ಕಲ್ಪನೆ ಕೂತಿರುತ್ತದೆ. ಕ್ರೋಮೋಸೋಮ್ ಜೋಡಿಯಾಗಿರುತ್ತದೆ, ಒಂದು ಅಮ್ಮನಿಂದ ಒಂದು ಅಪ್ಪನಿಂದ ಅಂತ ಹಿಂದೆಯೇ ಕೇಳಿರುತ್ತಾರೆ. ಆಮೇಲೆ ಪುಸ್ತಕದಲ್ಲಿ ಎಕ್ಸ್ ಆಕಾರದ ಚಿತ್ರ ನೋಡುತ್ತಾರೆ, ಅದರಲ್ಲೂ ಎರಡು ಎಳೆ ಇದೆ. ಓಹೋ, ಇದೇ ಆ ಜೋಡಿ, ಒಂದು ಎಳೆ ಅಮ್ಮನದು ಒಂದು ಅಪ್ಪನದು ಅಂದುಕೊಂಡುಬಿಡುತ್ತಾರೆ. ಅಲ್ಲಿಂದ ಮುಂದೆ ಓದಿದ್ದೆಲ್ಲ ಈ ತಪ್ಪು ಚಿತ್ರದ ಮೇಲೆ ಕೂರುತ್ತದೆ. ಎಷ್ಟು ಜಾಸ್ತಿ ಓದಿದರೆ ಅಷ್ಟು ಗೊಂದಲ ಆಗುವುದು ಇದಕ್ಕೇ.

ನಿಮ್ಮ ಮಗಳಲ್ಲೂ ಇದೇ ಇದೆಯಾ ಅಂತ ನೀವೇ ನೋಡಬಹುದು. ಪುಸ್ತಕದಲ್ಲಿರುವ ಒಂದು ಎಕ್ಸ್ ಆಕಾರದ ಚಿತ್ರ ತೋರಿಸಿ, "ಇದರ ಎರಡು ಎಳೆ ಎಲ್ಲಿಂದ ಬಂದವು?" ಅಂತ ಕೇಳಿ. "ಒಂದರ ನಕಲು ಇನ್ನೊಂದು" ಅಂದರೆ ಸರಿಯಾಗಿದೆ. "ಒಂದು ಅಮ್ಮಂದು, ಒಂದು ಅಪ್ಪಂದು" ಅಂದರೆ ಬೇರು ಸಿಕ್ಕಿತು. ಆಗ ತಕ್ಷಣ ತಿದ್ದಬೇಡಿ. ದಾರ ತೆಗೆದುಕೊಂಡು ಕೂರಿ.

ಕೆಂಪು ಮತ್ತು ನೀಲಿ ಎರಡು ಬಣ್ಣದ ಉಲ್ಲನ್ ತನ್ನಿ. ಕೆಂಪು ಅಂದರೆ ಅಮ್ಮನಿಂದ ಬಂದದ್ದು, ನೀಲಿ ಅಪ್ಪನಿಂದ ಬಂದದ್ದು. ಪ್ರತಿ ಬಣ್ಣದಲ್ಲೂ ಗೇಣುದ್ದದ ಎರಡು ತುಂಡು, ಅದರ ಅರ್ಧ ಉದ್ದದ ಎರಡು ತುಂಡು ಕತ್ತರಿಸಿ. ಒಟ್ಟು ಎಂಟು ತುಂಡು ಆಯಿತು. ಟಿಚ್ ಬಟನ್‌ಗೆ ಎರಡು ಭಾಗ ಇರುತ್ತದಲ್ಲ, ಒತ್ತಿದರೆ ಕೂಡಿಕೊಳ್ಳುವ ಉಬ್ಬು ಮತ್ತು ತಗ್ಗು, ಒಂದೊಂದು ತುಂಡಿನ ನಡುವೆ ಒಂದೊಂದು ಭಾಗವನ್ನು ಕಟ್ಟಿ. ಒಂದೇ ಬಣ್ಣದ, ಒಂದೇ ಉದ್ದದ ಎರಡು ತುಂಡಿನಲ್ಲಿ ಒಂದಕ್ಕೆ ಉಬ್ಬು, ಇನ್ನೊಂದಕ್ಕೆ ತಗ್ಗು ಬರಲಿ. ಈ ಬಟನ್ ಸೆಂಟ್ರೋಮಿಯರ್. ಎಣಿಸುವ ನಿಯಮ ಒಂದೇ: ಒಂಟಿ ಭಾಗ ಇದ್ದರೂ ಒಂದು, ಎರಡು ಭಾಗ ಒತ್ತಿ ಕೂಡಿಸಿದ್ದರೂ ಒಂದೇ.

ಈಗ ಒಂದು ದೊಡ್ಡ ತಟ್ಟೆ ಇಡಿ, ಅದು ಕೋಶ. ಅದರೊಳಗೆ ಉದ್ದ ಕೆಂಪು, ಉದ್ದ ನೀಲಿ, ಗಿಡ್ಡ ಕೆಂಪು, ಗಿಡ್ಡ ನೀಲಿ ಒಂದೊಂದು ಇಡಲಿ. ಪುಸ್ತಕದ ಭಾಷೆಯಲ್ಲಿ ಇದು 2n = 4 ಇರುವ ಕೋಶ, ಅಂದರೆ ಎರಡು ಜೋಡಿ, ಒಟ್ಟು ನಾಲ್ಕು ಕ್ರೋಮೋಸೋಮ್, ಜಿ1 ಹಂತದಲ್ಲಿದೆ. ಉಳಿದ ನಾಲ್ಕು ತುಂಡು ಪಕ್ಕಕ್ಕೆ. ಉದ್ದ ಕೆಂಪು ಮತ್ತು ಉದ್ದ ನೀಲಿ, ಇದೇ ಜೋಡಿ. ಇವು ಒಂದಕ್ಕೊಂದು ಅಂಟಿಕೊಂಡಿಲ್ಲ, ತಟ್ಟೆಯಲ್ಲಿ ಎಲ್ಲೋ ದೂರ ದೂರ ಇವೆ. ಇಲ್ಲಿ ಒಂದು ಕ್ಷಣ ನಿಂತು, "ಎಕ್ಸ್ ಎಲ್ಲಿದೆ?" ಅಂತ ಕೇಳಿ. ಎಲ್ಲೂ ಇಲ್ಲ. ಜೋಡಿ ಇದೆ, ಎಕ್ಸ್ ಇಲ್ಲ. ಎರಡೂ ಬೇರೆ ಬೇರೆ ಅನ್ನುವುದು ಅವಳ ಕಣ್ಣಿಗೇ ಬೀಳುತ್ತದೆ.

ಮೈಟಾಸಿಸ್ ಮೊದಲು ಮಾಡಿಸಿ. ಎಸ್ ಹಂತ ಬಂತು, ಪಕ್ಕಕ್ಕಿಟ್ಟಿದ್ದ ತುಂಡುಗಳನ್ನು ತಂದು ಉದ್ದ ಕೆಂಪಿಗೆ ಉದ್ದ ಕೆಂಪು, ಉದ್ದ ನೀಲಿಗೆ ಉದ್ದ ನೀಲಿ ಹೀಗೆ ಒತ್ತಿ ಕೂಡಿಸಲಿ. ಈಗ ನಾಲ್ಕು ಎಕ್ಸ್ ಬಂದವು, ಪ್ರತಿ ಎಕ್ಸ್‌ನ ಎರಡೂ ಎಳೆ ಒಂದೇ ಬಣ್ಣ. ಬಟನ್ ಎಷ್ಟು? ನಾಲ್ಕು. ದಾರ ಎಷ್ಟು? ಎಂಟು. ಈರುಳ್ಳಿಯ 16 ಮತ್ತು 32 ಇದೇ. ನಾನು ಕ್ಲಾಸಿನಲ್ಲಿ ಇದನ್ನು ಬೋರ್ಡ್ ಮೇಲೆ ಬರೆದು ಹೇಳಿದಾಗ ತಲೆ ಆಡಿಸುವ ಮಕ್ಕಳೇ ಜಾಸ್ತಿ, ಆದರೆ ಕೈಯಲ್ಲಿ ಹಿಡಿದು ಎಣಿಸಿದವರು ಆಮೇಲೆ ಮರೆಯುವುದು ಕಡಿಮೆ.

ಮೆಟಾಫೇಸ್‌ನಲ್ಲಿ ನಾಲ್ಕೂ ಎಕ್ಸ್ ತಟ್ಟೆಯ ನಡುವೆ ಒಂದೇ ಸಾಲಿನಲ್ಲಿ ನಿಲ್ಲಲಿ. ಅನಾಫೇಸ್‌ನಲ್ಲಿ ಬಟನ್ ಬಿಚ್ಚಲಿ, ಒಂದೊಂದು ಎಳೆ ಒಂದೊಂದು ಕಡೆ ಹೋಗಲಿ. ಬಿಚ್ಚಿದ ಕ್ಷಣ ಬಟನ್ ಎಷ್ಟು? ಎಂಟು. ಕೋಶ ಇನ್ನೂ ಒಂದೇ, ಆದರೆ ಕ್ರೋಮೋಸೋಮ್ ಎಂಟು. ಮನುಷ್ಯರ ಕೋಶವಾದರೆ ಈ ಹೊತ್ತಿನಲ್ಲಿ 46 ಇದ್ದದ್ದು 92 ಆಗಿರುತ್ತದೆ. ಎಂಟ್ರೆನ್ಸ್ ಪರೀಕ್ಷೆಗೆ ಓದುವ ಮಕ್ಕಳು ಎಡವುವ ಜಾಗ ಇದು. ಆಮೇಲೆ ಎರಡು ಚಿಕ್ಕ ತಟ್ಟೆಗೆ ಹಾಕಿದರೆ ಎರಡರಲ್ಲೂ ಉದ್ದ ಕೆಂಪು, ಉದ್ದ ನೀಲಿ, ಗಿಡ್ಡ ಕೆಂಪು, ಗಿಡ್ಡ ನೀಲಿ. ಶುರುವಿನಲ್ಲಿ ಏನಿತ್ತೋ ಅದೇ. ಮೈಟಾಸಿಸ್‌ನಲ್ಲಿ ಮಕ್ಕಳ ಕೋಶ ತಾಯಿ ಕೋಶದಂತೆಯೇ ಇರುತ್ತದೆ ಅನ್ನುವುದನ್ನು ಬಾಯಿಪಾಠ ಮಾಡುವ ಅಗತ್ಯವೇ ಇರುವುದಿಲ್ಲ.

ಮೈಟಾಸಿಸ್ ತಡವರಿಸದೆ ಬಂದ ಮೇಲೆ, ಅದೇ ದಿನ ಬೇಡ, ಇನ್ನೊಂದು ದಿನ ಮಿಯಾಸಿಸ್‌ಗೆ ಕೂರಿ. ಎರಡನ್ನೂ ಒಂದೇ ಸಂಜೆ ಮಾಡಿದರೆ ಕಲಸಿಹೋಗುತ್ತದೆ.

ಜಿ1 ಮತ್ತು ಎಸ್ ಹಂತ ಮೊದಲಿನ ಹಾಗೆಯೇ. ನಾಲ್ಕು ಬಟನ್, ಎಂಟು ದಾರ. ದಾರಿ ಬೇರೆಯಾಗುವುದು ಇಲ್ಲಿಂದ. ಮಿಯಾಸಿಸ್‌ನ ಮೊದಲ ಪ್ರೊಫೇಸ್‌ನಲ್ಲಿ ಉದ್ದ ಕೆಂಪು ಎಕ್ಸ್ ಹುಡುಕಿಕೊಂಡು ಹೋಗಿ ಉದ್ದ ನೀಲಿ ಎಕ್ಸ್ ಪಕ್ಕ ಮಲಗಬೇಕು, ಗಿಡ್ಡ ಕೆಂಪು ಗಿಡ್ಡ ನೀಲಿಯ ಪಕ್ಕ. ನಾಲ್ಕು ಎಳೆಗಳ ಈ ಗುಂಪಿಗೆ ಬೈವೇಲೆಂಟ್ ಅನ್ನುತ್ತಾರೆ. ತಟ್ಟೆಯಲ್ಲಿ ಈಗ ಎರಡು ಬೈವೇಲೆಂಟ್ ಇವೆ. ಪಕ್ಕಪಕ್ಕ ಇರುವಾಗ ಒಂದು ಕೆಂಪು ಎಳೆಯ ತುದಿ ಮತ್ತು ಒಂದು ನೀಲಿ ಎಳೆಯ ತುದಿಯನ್ನು ಒಂದೇ ಅಳತೆಗೆ ಕತ್ತರಿಸಿ, ಅದಲು ಬದಲು ಮಾಡಿ ಸೆಲ್ಲೋ ಟೇಪ್ ಅಂಟಿಸಲಿ. ಇದು ಕ್ರಾಸಿಂಗ್ ಓವರ್. ನಾಲ್ಕೂ ಎಳೆಯನ್ನು ಕತ್ತರಿಸುವುದಲ್ಲ, ಎರಡನ್ನು ಮಾತ್ರ, ಅದೂ ಬೇರೆ ಬೇರೆ ಎಕ್ಸ್‌ನಿಂದ ಒಂದೊಂದು. ಒಂದೇ ಎಕ್ಸ್‌ನ ಎರಡು ಎಳೆ ಅದಲು ಬದಲು ಮಾಡಿದರೆ ಏನಾಗುತ್ತದೆ ಅಂತ ಕೇಳಿ. ಎರಡೂ ಕೆಂಪೇ ಆದ್ದರಿಂದ ಏನೂ ಹೊಸದು ಬರುವುದಿಲ್ಲ. ಈ ಒಂದು ಉತ್ತರ ಅವಳೇ ಹೇಳಿದರೆ ಆ ಹಳೆಯ ತಪ್ಪು ಕಲ್ಪನೆ ಹೋಗಿದೆ ಅಂತ ಹೇಳಬಹುದು.

ಪ್ರೊಫೇಸ್‌ನ ಐದು ಉಪಹಂತಗಳ ಹೆಸರಿಗೆ ಮಕ್ಕಳು ತುಂಬಾ ಹೆದರುತ್ತಾರೆ. ದಾರ ಕೈಯಲ್ಲಿದ್ದಾಗ ಒಂದೊಂದು ಹೆಸರಿಗೆ ಒಂದೊಂದು ಕೆಲಸ ಕೊಡಿ. ಲೆಪ್ಟೊಟೀನ್‌ನಲ್ಲಿ ದಾರ ಕಾಣಿಸಲು ಶುರು, ಝೈಗೊಟೀನ್‌ನಲ್ಲಿ ಜೋಡಿ ಪಕ್ಕ ಬರುವುದು, ಪ್ಯಾಕಿಟೀನ್‌ನಲ್ಲಿ ಕತ್ತರಿ ಮತ್ತು ಟೇಪ್, ಡಿಪ್ಲೊಟೀನ್‌ನಲ್ಲಿ ಜೋಡಿ ಸ್ವಲ್ಪ ದೂರ ಸರಿದರೂ ಅದಲು ಬದಲಾದ ಜಾಗದಲ್ಲಿ ಸಿಕ್ಕಿಕೊಂಡಿರುವುದು, ಡಯಾಕೈನೆಸಿಸ್‌ನಲ್ಲಿ ಆ ಸಿಕ್ಕು ತುದಿಗೆ ಜಾರುವುದು. ಇಷ್ಟೇ.

ಇನ್ನು ಮೊದಲ ಮೆಟಾಫೇಸ್. ಎಕ್ಸ್‌ಗಳು ಒಂಟಿಯಾಗಿ ಅಲ್ಲ, ಜೋಡಿಯಾಗಿ ನಡುವೆ ನಿಲ್ಲುತ್ತವೆ. ಕೆಂಪು ಒಂದು ಬದಿಗೆ, ನೀಲಿ ಇನ್ನೊಂದು ಬದಿಗೆ ಮುಖ ಮಾಡಿ. ಮೊದಲ ಅನಾಫೇಸ್‌ನಲ್ಲಿ ಅವಳ ಕೈ ತಾನಾಗಿ ಬಟನ್ ಕಡೆ ಹೋಗಬಹುದು, ನೋಡುತ್ತಿರಿ. ಬಟನ್ ಮುಟ್ಟಬಾರದು. ಇಡೀ ಎಕ್ಸ್ ಎತ್ತಿ ಒಂದು ಕಡೆ, ಅದರ ಜೋಡಿಯನ್ನು ಇನ್ನೊಂದು ಕಡೆ. ಈಗ ಪ್ರತಿ ತಟ್ಟೆಯಲ್ಲಿ ಎರಡು ಬಟನ್, ನಾಲ್ಕು ದಾರ. ಕ್ರೋಮೋಸೋಮ್ ಸಂಖ್ಯೆ ಅರ್ಧವಾದದ್ದು ಇಲ್ಲಿ, ಮೊದಲ ಸುತ್ತಿನಲ್ಲೇ. ವೀರ್ಯಾಣು, ಅಂಡಾಣು ಆಗುವುದು ಕೊನೆಯಲ್ಲಿ ಅಲ್ವಾ, ಹಾಗಾಗಿ ಅರ್ಧವಾಗುವುದೂ ಎರಡನೇ ಸುತ್ತಿನಲ್ಲಿ ಅಂತ ಬಹಳ ಮಕ್ಕಳು ಬರೆಯುತ್ತಾರೆ. ತಟ್ಟೆ ನೋಡಿದರೆ ಹಾಗೆ ಬರೆಯಲು ಮನಸ್ಸೇ ಬರುವುದಿಲ್ಲ.

ಎರಡನೇ ಸುತ್ತಿಗೆ ಮುಂಚೆ ಒಂದು ಪ್ರಶ್ನೆ ಕೇಳಲೇಬೇಕು: "ಈಗ ಮತ್ತೆ ನಕಲು ಆಗುತ್ತಾ?" ಆಗುವುದಿಲ್ಲ. ಪಕ್ಕದಲ್ಲಿ ತುಂಡೇ ಉಳಿದಿಲ್ಲ ಅಂತ ಅವಳೇ ಹೇಳುತ್ತಾಳೆ. ನಂತರ ಎರಡೂ ತಟ್ಟೆಯಲ್ಲಿ ಬಟನ್ ಬಿಚ್ಚಿ ಎಳೆಗಳನ್ನು ಬೇರೆ ಮಾಡಿದರೆ ನಾಲ್ಕು ತಟ್ಟೆ, ಪ್ರತಿಯೊಂದರಲ್ಲೂ ಎರಡು ಬಟನ್, ಎರಡು ದಾರ. ಡಿಎನ್‌ಎ 4C ಇದ್ದದ್ದು 2C ಆಗಿ, ಈಗ C ಆಯಿತು. ನಾಲ್ಕು ತಟ್ಟೆಯ ದಾರಗಳನ್ನು ಪಕ್ಕಪಕ್ಕ ಇಟ್ಟು ಬಣ್ಣ ನೋಡಲಿ, ಟೇಪ್ ಅಂಟಿಸಿದ ತುಂಡುಗಳಿಂದಾಗಿ ಒಂದರ ಹಾಗೆ ಇನ್ನೊಂದಿಲ್ಲ.

ಈ ಆಟದಲ್ಲಿ ನಿಮ್ಮ ಕೆಲಸ ಎರಡೇ ಪ್ರಶ್ನೆ. ಪ್ರತಿ ಹಂತದಲ್ಲೂ ಅವಳನ್ನು ನಿಲ್ಲಿಸಿ ಬಟನ್ ಎಷ್ಟು, ದಾರ ಎಷ್ಟು ಅಂತ ಕೇಳುವುದು. ಉತ್ತರ ಸರಿಯೋ ತಪ್ಪೋ ಅಂತ ನಿಮಗೆ ಗೊತ್ತಾಗದಿದ್ದರೂ ಚಿಂತೆ ಇಲ್ಲ, ತಟ್ಟೆಯಲ್ಲಿ ಎಣಿಸಿದರಾಯಿತು. ಕನ್ನಡದಲ್ಲೇ ಮಾತಾಡಲಿ, ಇಂಗ್ಲಿಷ್ ಹೆಸರುಗಳು ಹಂತದ ಹೆಸರಾಗಿ ಮಾತ್ರ ಬಂದರೆ ಸಾಕು. ಒಂದು ವಿನಂತಿ ಮಾತ್ರ: ಅವಳು ತಪ್ಪು ಮಾಡಿದಾಗ "ಪುಸ್ತಕ ಸರಿಯಾಗಿ ಓದು" ಅನ್ನಬೇಡಿ. ಪುಸ್ತಕ ಅವಳು ಓದಿದ್ದಾಳೆ. ತಪ್ಪು ಇರುವುದು ಮನಸ್ಸಿನ ಚಿತ್ರದಲ್ಲಿ, ಅದು ಇನ್ನೊಂದು ಸಲ ಓದಿದರೆ ಇನ್ನಷ್ಟು ಗಟ್ಟಿಯಾಗುತ್ತದೆ.

ದಾರದ ಮಾದರಿಗೂ ಮಿತಿ ಇದೆ, ಅದನ್ನು ಅವಳಿಗೆ ಹೇಳಿಬಿಡಿ, ಇಲ್ಲದಿದ್ದರೆ ಹೊಸ ತಪ್ಪು ಹುಟ್ಟುತ್ತದೆ. ನಿಜವಾದ ಕೋಶದಲ್ಲಿ ಜಿ1 ಮತ್ತು ಎಸ್ ಹಂತದಲ್ಲಿ ಕ್ರೋಮೋಸೋಮ್ ಹೀಗೆ ಬಿಡಿಬಿಡಿಯಾಗಿ ಕಾಣುವುದಿಲ್ಲ. ಡಿಎನ್‌ಎ ತುಂಬಾ ತೆಳ್ಳಗೆ ಹರಡಿಕೊಂಡಿರುತ್ತದೆ. ಅದು ಸುತ್ತಿಕೊಂಡು ದಪ್ಪ ಆಗುವುದು ಪ್ರೊಫೇಸ್‌ನಲ್ಲಿ, ಚೆನ್ನಾಗಿ ಎಣಿಸಲು ಸಿಗುವುದು ಮೆಟಾಫೇಸ್‌ನಲ್ಲಿ. ಪುಸ್ತಕದಲ್ಲಿ ಎಲ್ಲೆಲ್ಲೂ ಎಕ್ಸ್ ಬರೆಯುವುದರಿಂದ ಕ್ರೋಮೋಸೋಮ್ ಯಾವಾಗಲೂ ಎಕ್ಸ್ ಆಕಾರದಲ್ಲೇ ಇರುತ್ತದೆ ಅಂತ ಮಕ್ಕಳು ತಿಳಿಯುತ್ತಾರೆ. ಲ್ಯಾಬ್‌ನಲ್ಲಿ ಈರುಳ್ಳಿ ಬೇರಿನ ಸ್ಲೈಡ್ ನೋಡಿದಾಗ ನಿಮ್ಮ ಮಗಳೂ "ಮೇಡಂ, ಬರೀ ಗುಂಡಗೆ ಕಾಣ್ತಿದೆ" ಅಂತ ಬೇಸರ ಮಾಡಿಕೊಂಡಿದ್ದಳು. ಅದು ಅವಳ ಸ್ಲೈಡ್‌ನ ದೋಷ ಅಲ್ಲ. ಕೋಶ ತನ್ನ ಬಹುಪಾಲು ಸಮಯವನ್ನು ಎರಡು ವಿಭಜನೆಗಳ ನಡುವಿನ ಇಂಟರ್‌ಫೇಸ್‌ನಲ್ಲೇ ಕಳೆಯುತ್ತದೆ. ಮನುಷ್ಯರ ಕೋಶಕ್ಕೆ ಪುಸ್ತಕ ಕೊಡುವ ಉದಾಹರಣೆಯಲ್ಲಿ ಇಡೀ ಚಕ್ರ ಸುಮಾರು 24 ಗಂಟೆ, ಅದರಲ್ಲಿ ವಿಭಜನೆ ಆಗುವುದು ಸುಮಾರು ಒಂದು ಗಂಟೆ ಮಾತ್ರ. ಹಾಗಾಗಿ ಸ್ಲೈಡ್‌ನಲ್ಲಿ ಗುಂಡಗಿನ ನ್ಯೂಕ್ಲಿಯಸ್ ಜಾಸ್ತಿ, ಎಣಿಸಬಹುದಾದ ಕ್ರೋಮೋಸೋಮ್ ಇರುವ ಕೋಶ ಅಲ್ಲೊಂದು ಇಲ್ಲೊಂದು. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಅದಕ್ಕೆ ಆಸಿಡ್ ಮತ್ತು ಬಣ್ಣ ಹಾಕಿ ಬಿಸಿ ಮಾಡಬೇಕಾಗುತ್ತದೆ. ನಾನು ಅವಳಿಗೆ ಲ್ಯಾಬ್‌ನಲ್ಲಿ ಇನ್ನೊಂದು ಸಲ ತೋರಿಸುತ್ತೇನೆ.

ಇಷ್ಟೆಲ್ಲ ಆದ ಮೇಲೆ ಪುಸ್ತಕದ ಚಿತ್ರಕ್ಕೆ ಹಿಂದಿರುಗಲಿ. ದಾರ ಪಕ್ಕಕ್ಕಿಟ್ಟು, ಖಾಲಿ ಹಾಳೆಯಲ್ಲಿ 2n = 4 ಕೋಶದ ಮೂರೇ ಚಿತ್ರ ಬರೆಯಲಿ: ಮೈಟಾಸಿಸ್‌ನ ಅನಾಫೇಸ್, ಮಿಯಾಸಿಸ್‌ನ ಮೊದಲ ಅನಾಫೇಸ್, ಎರಡನೇ ಅನಾಫೇಸ್. ಬಣ್ಣದ ಪೆನ್ಸಿಲ್ ಇರಲಿ. ಮೊದಲನೆಯದರಲ್ಲಿ ಪ್ರತಿ ಕಡೆಗೆ ನಾಲ್ಕು ಒಂಟಿ ಎಳೆ, ಎರಡನೆಯದರಲ್ಲಿ ಪ್ರತಿ ಕಡೆಗೆ ಎರಡು ಇಡೀ ಎಕ್ಸ್, ಮೂರನೆಯದರಲ್ಲಿ ಪ್ರತಿ ಕಡೆಗೆ ಎರಡು ಒಂಟಿ ಎಳೆ ಇರಬೇಕು. ನೀವು ನೋಡಬೇಕಾದದ್ದು ಇಷ್ಟೇ, ಲೇಬಲ್ ನಾನು ನೋಡಿಕೊಳ್ಳುತ್ತೇನೆ.

ಕೊನೆಯದಾಗಿ ಒಂದು ಪ್ರಶ್ನೆ, ಇದಕ್ಕೆ ಉತ್ತರ ಬಂದರೆ ಟ್ಯೂಷನ್ ಮಾತನ್ನು ಬಿಟ್ಟುಬಿಡಿ. ಮಿಯಾಸಿಸ್‌ನ ಮೊದಲ ಸುತ್ತಿನಲ್ಲಿ ಗಿಡ್ಡ ಕೆಂಪು ಮತ್ತು ಗಿಡ್ಡ ನೀಲಿ ಎಕ್ಸ್ ಬೇರೆಯಾಗದೆ ಎರಡೂ ಒಂದೇ ಕಡೆ ಹೋದವು ಅಂದುಕೊಳ್ಳಿ. ಕೊನೆಯ ನಾಲ್ಕು ಕೋಶದಲ್ಲಿ ಎಷ್ಟೆಷ್ಟು ಕ್ರೋಮೋಸೋಮ್ ಇರುತ್ತವೆ? ಉತ್ತರ 3, 3, 1, 1. ಅದೇ ತಪ್ಪು ಮೊದಲ ಸುತ್ತಿನಲ್ಲಿ ಆಗದೆ, ಎರಡನೇ ಸುತ್ತಿನಲ್ಲಿ ಒಂದು ತಟ್ಟೆಯ ಒಂದು ಬಟನ್ ಬಿಚ್ಚದೆ ಇಡೀ ಎಕ್ಸ್‌ನ ಎರಡು ಎಳೆಯೂ ಒಂದೇ ಕಡೆ ಸೇರಿದರೆ? ಆಗ 3, 1, 2, 2. ಎಳೆಗಳು ಒಂದೇ ಕೋಶಕ್ಕೆ ಸೇರಿದ ಮೇಲೆ ಎರಡು ಅಂತಲೇ ಲೆಕ್ಕ, ಇದನ್ನು ಮೊದಲೇ ಹೇಳಿಬಿಡಿ. ದಾರದಲ್ಲಿ ಮಾಡಿ ನೋಡಿ ಹೇಳಿದರೂ ಸರಿ. ಮನುಷ್ಯರಲ್ಲಿ 21ನೇ ಕ್ರೋಮೋಸೋಮ್‌ಗೆ ಹೀಗಾದಾಗ ಮಗುವಿಗೆ ಡೌನ್ ಸಿಂಡ್ರೋಮ್ ಬರಬಹುದು. ಮುಂದಿನ ವರ್ಷ 12ನೇ ಕ್ಲಾಸಿನ ಅನುವಂಶೀಯತೆ ಪಾಠದಲ್ಲಿ ಅದು ಬರುತ್ತದೆ, ಮತ್ತು ಮೊದಲ ಅನಾಫೇಸ್ ಗೊತ್ತಿಲ್ಲದವರಿಗೆ ಆ ಪಾಠವೂ ಕಷ್ಟವಾಗುತ್ತದೆ.

ಎರಡು ವಾರ ಬಿಟ್ಟು ಆ ಮೂರು ಚಿತ್ರದ ಹಾಳೆಯನ್ನು ಅವಳ ಕೈಯಲ್ಲಿ ಕಳಿಸಿ. ಆಗಲೂ ಮೊದಲ ಅನಾಫೇಸ್‌ನಲ್ಲಿ ಎಕ್ಸ್ ಸೀಳುತ್ತಿದ್ದರೆ ಮಧ್ಯಾಹ್ನದ ಬಿಡುವಿನಲ್ಲಿ ನಾನೇ ದಾರ ಹಿಡಿದು ಅವಳ ಜೊತೆ ಕೂರುತ್ತೇನೆ. ನಿಮ್ಮ ಮನೆಯ ದಾರ ಮತ್ತು ಬಟನ್ ಕೂಡ ಕೊಟ್ಟು ಕಳಿಸಿ, ಕ್ಲಾಸಿನಲ್ಲಿ ಇದೇ ತಪ್ಪು ಮಾಡಿದವರು ಇನ್ನೂ ಕೆಲವರಿದ್ದಾರೆ.